ಬಾಯಿ ಕಟ್ಟಿದ್ರೂ ಕಾಲು-ಹಾಲು-ಸಾಲು ಗೊಂದಲ ಹೋಗವಲ್ದು

ಗುಮ್ಮಟದೂರ, ವಿಜಯಪುರ
ತಲಿ ಕೆಟ್ಟ ಹೋಗೈತ್ರೀ. ಎಂ.ಎ. ಸೈಕಾಲಜಿ ಪ್ರ್ಯಾಕ್ಟಿಕಲ್ ಸಲುವಾಗಿ ಶಬ್ದಗಳ್ನ ದನಿ ರೂಪದಾಗ ಸ್ವಲ್ಪ ಹೊತ್ತು ಹಿಡಕೊಳ್ಳೋ ನೆನಪಿನ ಭಾಗ, ಅಂದ್ರ ಫೋನೊಲಾಜಿಕಲ್ ಲೂಪ್, ಅದರ ಮ್ಯಾಲ ಪ್ರಯೋಗ ಮಾಡಾಕತ್ತೀನಿ. ಒಂದ ಪಟ್ಟಿ: ಕಾಲು, ಹಾಲು, ಸಾಲು, ಪಾಲು, ಮಾಲು. ಇನ್ನೊಂದ: ಮನೆ, ಕಿವಿ, ಹೂವು, ಬೆಕ್ಕು, ಗೋಡೆ. ಪಟ್ಟಿ ಮುಗದ ಮ್ಯಾಲ ಕ್ರಮ ತಪ್ಪದಂಗ ಬರೀಬೇಕು. ಒಂದೇ ನಮೂನಿ ಶಬ್ದ ಜಾಸ್ತಿ ತಪ್ತಾವ, ಅದು ಸರಿ. ಆದ್ರ ಬಾಯಾಗ ‘ದ ದ ದ’ ಅನಕೋಂತ ಕುಂತ್ರ ಆ ವ್ಯತ್ಯಾಸ ಹೋಗಬೇಕಲ್ಲ? ಎರಡೂ ಪಟ್ಟಿ ಅಂಕ ಇಳದ್ವು, ನಡುವಿನ ಅಂತರ ಮಾತ್ರ ಹಂಗ ಐತಿ. ಗೈಡ್ ‘ಡಾಟಾ ಸರಿ ಮಾಡ್ಕೊಂಡ ಬಾ’ ಅಂದ್ರು. ಸೋಮವಾರ ರೆಕಾರ್ಡ್ ಕೊಡಬೇಕು.

ಘಟಪ್ರಭಾ ಆಡಿಯೋ, ಬಾಗಲಕೋಟೆ
‘ದ ದ ದ’ ನಿಧಾನ ಹೇಳಸಾಕತ್ತೀರಿ, ಅಷ್ಟ. ಸಂದಿ ಸಿಕ್ರ ಒಳಗ ಪಟ್ಟಿ ತಿರಗಸ್ಕೋತಾರ. ಮೆಟ್ರೊನೋಮ್ ಹಚ್ರಿ, ಸೆಕೆಂಡಿಗೆ ಮೂರು. ನಾ ಆದ್ರ ಕಾಲರ್ ಮೈಕ್ ಹಾಕಿ ರೆಕಾರ್ಡ್ ಮಾಡ್ತಿದ್ದೆ, ಯಾರ ಸುಮ್ಮಾದ್ರು ಅನ್ನೋದು ವೇವ್‌ಫಾರ್ಮ್‌ನ್ಯಾಗ ಕಾಣತೈತಿ.

ಗುಮ್ಮಟದೂರ
ಮೆಟ್ರೊನೋಮ್ ಹಚ್ಚಿ ನೋಡ್ದೆ ಅಣ್ಣಾರ, ಏನೂ ಬದಲಾಗ್ಲಿಲ್ಲ. ‘ದ’ ಬಿಟ್ಟು, 587ರಿಂದ ಮೂರ ಮೂರ ಕಳಕೋಂತ ಹಿಂದಕ್ಕ ಎಣಸಾಕ ಹಚ್ಲೇನು? ಅದಾದ್ರ ಗಟ್ಟಿ ಐತಿ.

ಕೋಟೆಕೆರೆ, ಬೆಳಗಾವಿ
ಅದೊಂದು ಮಾಡಬೇಡಿ. ಹಿಂದಕ್ಕೆ ಎಣಿಸುವಾಗ ಬಾಯಿಯೂ ಓಡುತ್ತದೆ, ಕಳೆಯುವ ಲೆಕ್ಕವೂ ನಡೆಯುತ್ತದೆ. ಅಂಕ ನೆಲಕಚ್ಚಿದರೆ ಪೆಟ್ಟು ಲೂಪ್‌ಗೆ ಬಿತ್ತೋ ಗಮನ ನಿಯಂತ್ರಿಸುವ ಸೆಂಟ್ರಲ್ ಎಕ್ಸಿಕ್ಯುಟಿವ್‌ಗೆ ಬಿತ್ತೋ ಹೇಳಲು ಬರುವುದಿಲ್ಲ. 1996ರಲ್ಲಿ ರಾಬಿನ್ಸ್ ತಂಡ ಚೆಸ್ ಆಟಗಾರರಿಗೆ ಕಾಯಿಗಳ ಜಾಗ ನೆನಪಿಡಲು ಕೊಟ್ಟಿತ್ತು. ಒಂದೇ ಶಬ್ದ ಹೇಳುತ್ತಾ ಕೂತವರಿಗೆ ಏನೂ ತೊಂದರೆ ಆಗಲಿಲ್ಲ. ಕ್ರಮವಿಲ್ಲದೆ ಅಕ್ಷರ ಹೇಳಿ ಅಂದಾಗ ನೆನಪು ಕುಸಿಯಿತು. ಎರಡರಲ್ಲೂ ಬಾಯಿಗೆ ಕೆಲಸ ಇತ್ತು, ಹೆಚ್ಚಿಗೆ ಇದ್ದದ್ದು ‘ಈಗಷ್ಟೇ ಹೇಳಿದ್ದನ್ನು ಮತ್ತೆ ಹೇಳಬಾರದು’ ಎಂಬ ಕಾವಲು. ಅದು ಎಕ್ಸಿಕ್ಯುಟಿವ್‌ನ ಕೆಲಸ. ‘ದ ದ ದ’ಕ್ಕೆ ಆ ಕಾವಲು ಬೇಕಿಲ್ಲ, ಅದಕ್ಕೇ ಲೂಪ್ ಪರೀಕ್ಷಿಸಲು ಅದೇ ಸರಿ.

ಒಂದು ಹೇಳಿ: ಪಟ್ಟಿ ತೋರಿಸುತ್ತೀರೋ, ಕೇಳಿಸುತ್ತೀರೋ?

ಶಾಲಿ ಅಕ್ಕೋರು, ಮುಧೋಳ
ನಮ್ಮ ಮಗಳೂ ಟಿವಿ ಹಚ್ಚಿಕೊಂಡ ಓದ್ತಾಳ್ರೀ, ಏನೂ ನೆನಪ ಉಳಿಯಂಗಿಲ್ಲ. ಇದಕ್ಕೂ ‘ದ ದ’ ಅನಸಬೇಕೇನು?

ಘಟಪ್ರಭಾ ಆಡಿಯೋ
ಅಕ್ಕೋರ, ಅದು ಬ್ಯಾರೆ ವಿಷಯ. ಗುಮ್ಮಟದೂರ, ಮೈಕ್ ಹಾಕಿದ್ರೋ ಇಲ್ಲೋ? ಮೆಟ್ರೊನೋಮ್ ಇದ್ರೂ ಕಳ್ಳಾಟ ಆಡ್ತಾರ. ನಾಲ್ಕಕ್ಕ ಏರಸ್ರಿ.

ಗುಮ್ಮಟದೂರ
ಕೇಳಸ್ತೀನ್ರೀ, ನನ್ನ ದನಿಯಾಗ ರೆಕಾರ್ಡ್ ಮಾಡಿ ಸ್ಪೀಕರ್‌ನ್ಯಾಗ. ಎಲ್ಲಾರೂ ಹಂಗ ಮಾಡ್ತಾರಲ್ಲ? ಅದಕ್ಕೂ ಇದಕ್ಕೂ ಏನ ಸಂಬಂಧ?

ಕೋಟೆಕೆರೆ
ಸಂಬಂಧ ಇರುವುದೇ ಅಲ್ಲಿ. ಕಣ್ಣಿಗೆ ಬಿದ್ದ ‘ಹಾಲು’ ದನಿಯ ರೂಪ ತಾಳಬೇಕಾದರೆ ಒಳಗೇ ಉಚ್ಚಾರ ಆಗಬೇಕು. ‘ದ ದ ದ’ ಅದನ್ನು ತಡೆಯುತ್ತದೆ, ಪದ ದನಿಯ ಉಗ್ರಾಣಕ್ಕೆ ಹೋಗುವುದೇ ಇಲ್ಲ, ಹಾಗಾಗಿ ಗೊಂದಲವೂ ಇಲ್ಲ. ಕಿವಿಗೆ ಬಿದ್ದ ‘ಹಾಲು’ ಉಚ್ಚಾರದ ಹಂಗಿಲ್ಲದೆ ನೇರ ಒಳಗೆ ಹೋಗುತ್ತದೆ. ಬಾಯಿ ಎಷ್ಟೇ ಕಟ್ಟಿ, ‘ಕಾಲು’ ಜೊತೆ ಕಲಸಿಕೊಳ್ಳುತ್ತದೆ. ಮನಸ್ಸಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವುದು ನಿಂತಿದ್ದಕ್ಕೆ ಒಟ್ಟು ಅಂಕ ಇಳಿಯಿತು, ಅಂತರ ಮಾತ್ರ ಉಳಿಯಿತು. ನಿಮ್ಮ ಡಾಟಾ ಹೇಳುತ್ತಿರುವುದೂ ಅದನ್ನೇ, ತಿದ್ದಲು ಹೋಗಬೇಡಿ.

ಅವೇ ಪದಗಳನ್ನು ಸ್ಕ್ರೀನ್ ಮೇಲೆ ಸೆಕೆಂಡಿಗೊಂದರಂತೆ ತೋರಿಸಿ, ಪಟ್ಟಿ ಶುರುವಾಗುವ ಮೊದಲೇ ‘ದ ದ ದ’ ಶುರು ಮಾಡಿಸಿ. ಅಂತರ ಬಹುಪಾಲು ಕರಗಬೇಕು. ಜೊತೆಗೆ ಬಾಯಿಗೆ ಕೆಲಸ ಕೊಡದೆ ಅದೇ ಲಯಕ್ಕೆ ಬರೀ ಕಾಲು ತಟ್ಟುವ ಒಂದು ಸುತ್ತು ಇಡಿ. ಅದರಲ್ಲಿ ಅಂತರ ಉಳಿಯಬೇಕು, ಇಲ್ಲದಿದ್ದರೆ ‘ಗಮನ ಒಡೆದದ್ದಕ್ಕೇ ಹೀಗಾಯಿತು’ ಅಂತ ಗೈಡ್ ಕೇಳಿದರೆ ಉತ್ತರ ಇರುವುದಿಲ್ಲ.

ಅಕ್ಕೋರೇ, ಟಿವಿ ಮಾತಂತೂ ಕೇಳಬೇಡವೆಂದರೂ ಒಳಗೆ ನುಗ್ಗುತ್ತದೆ. ಬಾಯಿಪಾಠ ಮಾಡುವಾಗ ಆರಿಸಿಬಿಡಿ.

ಘಟಪ್ರಭಾ ಆಡಿಯೋ
ನಾ ಒಪ್ಪಂಗಿಲ್ಲ. ಉದ್ದ ಶಬ್ದ, ಗಿಡ್ಡ ಶಬ್ದದ ವ್ಯತ್ಯಾಸ ಕೇಳಿಸಿದ್ರೂ ಹೋಗತೈತಿ ಅಂತ ಓದೀನಿ. ಅದು ಹೋದ್ರ ಇದೂ ಹೋಗಬೇಕು.

ಕೋಟೆಕೆರೆ
ಅರ್ಧ ಸರಿ. ಉದ್ದದ ಪರಿಣಾಮ ಹುಟ್ಟುವುದು ಮನಸ್ಸಲ್ಲಿ ಹೇಳಿಕೊಳ್ಳುವಾಗ, ಉಗ್ರಾಣದಲ್ಲಲ್ಲ. ಬ್ಯಾಡ್ಲಿ, ಲೂಯಿಸ್, ವಲ್ಲಾರ್ 1984ರಲ್ಲಿ ಕೇಳಿಸಿದ ಪಟ್ಟಿಯಲ್ಲೂ ಅದನ್ನು ಅಳಿಸಿದರು, ಆದರೆ ಬರೆದು ಮುಗಿಸುವವರೆಗೂ ಬಾಯಿ ಕಟ್ಟಿಸಿದ್ದರು. ದನಿ ಹೋಲಿಕೆಯ ಗೊಂದಲ ಅಷ್ಟಾದರೂ ಹೋಗಲಿಲ್ಲ.

ಗುಮ್ಮಟದೂರ
ಬರಿಯೋ ಹೊತ್ತಿಗೆ ‘ದ ದ’ ನಿಲ್ಲಸ್ತಿದ್ದೆ ನಾ. ಹಂಗಾದ್ರ ಒಟ್ಟು ಅಂಕನೂ ಇನ್ನ ಇಳೀಬೇಕಿತ್ತೇನು? ಸ್ಕ್ರೀನ್ ಪಟ್ಟಿ ಇವತ್ತ ರಾತ್ರಿ ಮಾಡ್ತೀನಿ. ಕೂಡ್ಸಾಕ ಹುಡುಗರು ಸಿಗಬೇಕಲ್ಲ, ಎಲ್ಲಾರೂ ಊರಿಗೆ ಹೋಗ್ಯಾರ.

ಘಟಪ್ರಭಾ ಆಡಿಯೋ
ಸ್ಪೀಕರ್ ಯಾವ್ದು ಅಂತ ಹೇಳ್ಲೇ ಇಲ್ಲ ನೀವು. ನಾ ಮನ್ಯಾಗ ಎಂಟ್ ಇಂಚಿಂದು ಎರಡು ಇಟ್ಟೀನಿ, ದ ಮತ್ತ ಧ ಬ್ಯಾರೆ ಬ್ಯಾರೆ ಕೇಳಸ್ತಾವ.