ನೆನೆಸಿದ ಮೆಂತ್ಯ: ನೀರು ಕುಡಿಯೋದಾ, ಕಾಳು ತಿನ್ನೋದಾ?

ಹೊಸ ಬಾಣಂತಿ, ವಿರಾಜಪೇಟೆ:
ಹೆರಿಗೆಯಾಗಿ 7 ವಾರ. ಬಸುರಿಯಲ್ಲಿ ಶುಗರ್ ಬಂದಿತ್ತು, ಈಗ ಮಾತ್ರೆ ಏನೂ ಇಲ್ಲ. ಅತ್ತೆ ದಿನಾ ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಸೋಸಿ ನೀರು ಕೊಡುತ್ತಾರೆ. ಶುಗರ್ ಬರಲ್ಲ, ಹಾಲೂ ಜಾಸ್ತಿ ಆಗುತ್ತೆ ಅನ್ನುತ್ತಾರೆ. ಅವರಿಗೂ ಶುಗರ್ ಇದೆ, ಅವರೂ ಅದನ್ನೇ ಕುಡಿಯುತ್ತಾರೆ. ನಿಜವಾಗಿ ಕೆಲಸ ಮಾಡುತ್ತಾ? ಮಾಡಿ ನೋಡಿದವರು ಹೇಳಿ.

ತೋಟದವ, ಪೊನ್ನಂಪೇಟೆ:
ನನ್ನದು ಕೇಳಿ. ಶುಗರ್ ಬಂದು 9 ವರ್ಷ. ಬೆಳಿಗ್ಗೆ ಗ್ಲಿಮೆಪಿರೈಡ್ 2 ಎಂಜಿ, ಜೊತೆಗೆ ಮೆಟ್‌ಫಾರ್ಮಿನ್ ಎರಡು ಹೊತ್ತು. ಆದರೂ ಖಾಲಿ ಹೊಟ್ಟೆಯಲ್ಲಿ 168 ಇಳಿಯುತ್ತಲೇ ಇರಲಿಲ್ಲ. ಯಾರೋ ಮೆಂತ್ಯ ಅಂದರು. ನಾನು ಸೋಸಿದ ನೀರಿನ ಲೆಕ್ಕಕ್ಕೆ ಹೋಗಲಿಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿ, ಎರಡು ದೊಡ್ಡ ಚಮಚ ರಾತ್ರಿ ಬಿಸಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಆ ಲೋಳೆ ಸಮೇತ ಕುಡಿದೆ. ಮೊದಲ ವಾರ ಹೊಟ್ಟೆ ಗುಡುಗುಡು, ಎರಡು ಸಲ ತೋಟದಿಂದ ಮನೆಗೆ ಓಡಿ ಬಂದಿದ್ದೇನೆ. ಐದನೇ ವಾರಕ್ಕೆ 141. ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲೆ ಜನವರಿ. ರೊಬಸ್ಟಾ ಕುಯ್ಲು. 6:30ಕ್ಕೆ ಮಾತ್ರೆ ತಗೊಂಡೆ, ಮೆಂತ್ಯ ಕುಡಿದೆ, ಅಷ್ಟರಲ್ಲಿ ಆಳುಗಳ ಜೀಪ್ ಬಂತು. ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಸಕ್ಕರೆ ಇಲ್ಲದ ಕಟ್ಟಂಕಾಪಿ ಕುಡಿದು ಹೊರಟೆ. 10:45ಕ್ಕೆ ಚೀಲ ತೂಕ ಹಾಕುವಾಗ ತಕ್ಕಡಿ ಮುಳ್ಳು ಎರಡೆರಡು ಕಾಣಿಸಿತು. ಕೈ ನಡುಕ, ಬೆನ್ನೆಲ್ಲ ತಣ್ಣನೆ ಬೆವರು. ಬಿಸಿಲಿಗೆ ಅಂದುಕೊಂಡೆ. ಮೀಟರ್ ಜೇಬಲ್ಲಿತ್ತು, ಚುಚ್ಚಿದರೆ 54. ಒಬ್ಬ ಆಳಿನ ಬುತ್ತಿಯಲ್ಲಿದ್ದ ಬೆಲ್ಲ ತಿಂದು ಬದುಕಿದೆ. 15 ನಿಮಿಷಕ್ಕೆ 71, ಇನ್ನೊಂದು ತುಂಡು ತಿಂದ ಮೇಲೆ 96. ಮಾತ್ರೆ ನುಂಗಿ ತಿನ್ನದೆ ಹೋಗಿದ್ದಕ್ಕೆ ಡಾಕ್ಟರ್ ಬೈದು ಗ್ಲಿಮೆಪಿರೈಡ್ 1 ಎಂಜಿಗೆ ಇಳಿಸಿದರು. ಮೀಟರಿನ ಸ್ಟ್ರಿಪ್ಪು 50ರ ಡಬ್ಬಿ 950 ರೂಪಾಯಿ, ಆ ಎರಡು ತಿಂಗಳಲ್ಲಿ ನಾಲ್ಕು ಡಬ್ಬಿ ಮುಗಿಸಿದ್ದೇನೆ, ಲೆಕ್ಕ ಹಾಕಿ. ಮೆಂತ್ಯಕ್ಕೆ ಖರ್ಚಾಗಿದ್ದು 200 ರೂಪಾಯಿ ಕೂಡ ಇಲ್ಲ.

ಎರಡು ಮಕ್ಕಳ ತಾಯಿ, ನಾಪೋಕ್ಲು:
ಅಣ್ಣ, ಅವಳು ಕೇಳಿದ್ದು ಹಾಲಿನ ವಿಷಯ, ನಿಮ್ಮ ಕುಯ್ಲಿನ ಕತೆ ಅಲ್ಲ.

ನನ್ನ ಮೊದಲನೇ ಮಗುವಿಗೆ ಹಾಲೇ ಸಾಲಲಿಲ್ಲ. ತಿಂಗಳಿಗೆ ಐದು ಡಬ್ಬಿ ಪುಡಿ ಹಾಲು. ಮಳೆಗಾಲ, ಕರೆಂಟಿಲ್ಲ, ರಾತ್ರಿ ಎರಡಕ್ಕೆ ಒಲೆಯಲ್ಲಿ ಬಾಟಲ್ ಕುದಿಸಿ ಕುದಿಸಿ ಅಳು ಬರುತ್ತಿತ್ತು. ಎರಡನೇ ಮಗುವಿಗೆ ಅಮ್ಮ ಮೂರನೇ ದಿನದಿಂದಲೇ ಮೆಂತ್ಯದ ಗಂಜಿ ಶುರು ಮಾಡಿದರು. ರಾತ್ರಿ ನೆನೆಸಿ, ಅಕ್ಕಿ ಜೊತೆ ಬೇಯಿಸಿ, ತೆಂಗಿನ ಹಾಲು, ಬೆಲ್ಲ. ಹತ್ತನೇ ದಿನಕ್ಕೆ ರವಿಕೆ ಒದ್ದೆಯಾಗುವಷ್ಟು ಹಾಲು. ಮಗುವಿನ ನೆತ್ತಿ ಮೂಸಿದರೂ ಮೆಂತ್ಯದ ವಾಸನೆ, ನನ್ನ ಬೆವರೂ ಅದೇ ವಾಸನೆ. ಅಷ್ಟು ಒಳಗೆ ಇಳಿದಿದೆ ಅಂದ ಮೇಲೆ ಕೆಲಸ ಮಾಡದೇ ಇರುತ್ತಾ? ಕಣ್ಣಾರೆ ಕಂಡಿದ್ದೇನೆ. ಯಾವ ಸಂಶೋಧನೆಯೂ ಬೇಡ ನನಗೆ.

ಪಥ್ಯದ ಕೆಲಸದವಳು, ಕುಶಾಲನಗರ:
ನಾನು ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸ 14 ವರ್ಷ ಮಾಡಿದವಳು. ಆದರೆ ಮೊದಲು ನನ್ನ ಕತೆ. ಮಗ 33 ವಾರಕ್ಕೇ ಹುಟ್ಟಿದ. ಬಾಯಿ ಹಾಕುವ ಶಕ್ತಿ ಇರಲಿಲ್ಲ, ಪಂಪ್ ಮಾಡಿ ಒಯ್ಯಬೇಕಿತ್ತು. ಮೆಂತ್ಯದ ಕ್ಯಾಪ್ಸೂಲ್ ಮೂರು ವಾರ ನುಂಗಿದೆ, 1,400 ರೂಪಾಯಿ. ಪ್ರತಿ ಸಲದ ಹಾಲನ್ನೂ ಎಂಎಲ್ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಇವತ್ತಿಗೂ ಇದೆ. ದಿನಕ್ಕೆ 280, 290, 275. ಅಲ್ಲೇ ನಿಂತಿತ್ತು. ಆಮೇಲೆ ಒಬ್ಬ ನರ್ಸ್ ಬೈದಿದ್ದಕ್ಕೆ ದಿನಕ್ಕೆ ಐದು ಸಲ ಮಾಡುತ್ತಿದ್ದ ಪಂಪನ್ನು ಎಂಟು ಸಲ ಮಾಡಿದೆ, ಅದರಲ್ಲಿ ಒಂದು ನಡುರಾತ್ರಿ. ಹತ್ತು ದಿನದಲ್ಲಿ 430.

ನಾಪೋಕ್ಲು ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಮೂರನೇ ದಿನದಿಂದ ಹತ್ತನೇ ದಿನದವರೆಗೆ ಹಾಲು ಹೆಚ್ಚುವುದು ಮೆಂತ್ಯ ತಿನ್ನದವರಿಗೂ ಆಗುವುದೇ. ಎರಡನೇ ಹೆರಿಗೆಯಲ್ಲಿ ಬೇಗ ಬರುವುದೂ ಇದೆ. ವಾಸನೆಗೆ ಕಾರಣ ಮೆಂತ್ಯದಲ್ಲಿರುವ ಸೊಟೊಲಾನ್ ಅನ್ನುವ ವಸ್ತು. ಅದು ಬೆವರಲ್ಲಿ, ಮೂತ್ರದಲ್ಲಿ ಬರುತ್ತೆ. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ತಗೊಂಡಿದ್ದಕ್ಕೆ ಮಗುವಿನ ಮೂತ್ರ ಸಿಹಿ ಪಾಕದ ವಾಸನೆ ಬಂದು, ಹುಟ್ಟಿನಿಂದ ಬರುವ ದೊಡ್ಡ ಕಾಯಿಲೆ ಅಂತ ಡಾಕ್ಟರುಗಳು ಗಾಬರಿಬಿದ್ದದ್ದೂ ಇದೆ. ವಾಸನೆ ಬಂತು ಅಂದರೆ ಹಾಲು ಜಾಸ್ತಿ ಆಯಿತು ಅಂತಲ್ಲ.

2011ರಲ್ಲಿ ಟರ್ಕಿಯಲ್ಲಿ 66 ತಾಯಂದಿರ ಮೇಲೆ ಮಾಡಿದ ಒಂದು ಪರೀಕ್ಷೆ ಇದೆ. ಮೆಂತ್ಯ ಇದ್ದ ಚಹಾ ಕುಡಿದವರ ಮಕ್ಕಳು ಹುಟ್ಟಿದಾಗಿನ ತೂಕಕ್ಕೆ ಬೇಗ ಮರಳಿದರು. ಆದರೆ ಆ ಚಹಾದಲ್ಲಿ ಬೇರೆ ಗಿಡಮೂಲಿಕೆಗಳೂ ಇದ್ದವು, ಯಾವುದರಿಂದ ಅಂತ ಹೇಗೆ ಹೇಳೋದು? 2013ರಲ್ಲಿ ನನ್ನಂತೆಯೇ ದಿನ ತುಂಬದೆ ಹೆತ್ತ 26 ತಾಯಂದಿರಲ್ಲಿ ಕೆಲವರಿಗೆ 21 ದಿನ ಮೆಂತ್ಯದ ಕ್ಯಾಪ್ಸೂಲ್, ಉಳಿದವರಿಗೆ ಮದ್ದಿಲ್ಲದ ಹುಸಿ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಹುಸಿ ಕ್ಯಾಪ್ಸೂಲ್ ತಿಂದವರಿಗೂ ಮೆಂತ್ಯದವರಿಗೂ ಹಾಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಚಿಕ್ಕ ಪರೀಕ್ಷೆಗಳೇ. ಆಗುತ್ತೆ ಅಂತಲೂ ಗಟ್ಟಿ ಇಲ್ಲ, ಆಗಲ್ಲ ಅಂತಲೂ ಇಲ್ಲ.

ಎರಡು ಮಕ್ಕಳ ತಾಯಿ, ನಾಪೋಕ್ಲು:
ಡೈರಿ ಬರೆದವರಿಗೆ ಮಾತ್ರ ಹಾಲು ಬರುತ್ತೆ ಅಂತ ಆಯಿತು ಬಿಡಿ. ನಮ್ಮ ಅಜ್ಜಿ ಏಳು ಮಕ್ಕಳಿಗೆ ಎದೆಹಾಲು ಕೊಟ್ಟವರು, ಪಂಪ್ ಮುಖ ನೋಡಿದವರಲ್ಲ.

ಪಥ್ಯದ ಕೆಲಸದವಳು, ಕುಶಾಲನಗರ:
ನಿಮ್ಮ ಅಜ್ಜಿ ಮಗುವನ್ನು ದಿನಕ್ಕೆ ಎಷ್ಟು ಸಲ ಎದೆಗೆ ಹಾಕಿಕೊಂಡಿರಬಹುದು, ಅದನ್ನು ಯೋಚನೆ ಮಾಡಿ. ನಾನು ಹೇಳಿದ್ದೂ ಅದನ್ನೇ.

ನಿವೃತ್ತ ಮೇಷ್ಟ್ರು, ಮಡಿಕೇರಿ:
ಮೆಂತ್ಯ ಬಯಲುಸೀಮೆಯದು. ನಮ್ಮ ನೆಲದ್ದು ಕಾಚಂಪುಳಿ, ಹಣ್ಣಿನ ರಸ ಕಾಸಿ ಮಾಡುವ ಕಪ್ಪು ಹುಳಿ. ಬೆಳಿಗ್ಗೆ ಅರ್ಧ ಚಮಚ ನೀರಿಗೆ ಹಾಕಿ ಕುಡಿಯುತ್ತೇನೆ, 71 ವರ್ಷ, ಶುಗರ್ ಇಲ್ಲ. ಇಂಥ ಮದ್ದು ಮನೆಯಲ್ಲೇ ಇಟ್ಟುಕೊಂಡು ಹೈದರಾಬಾದು ಟರ್ಕಿ ಅಂತ ಯಾಕೆ ಹೋಗಬೇಕು?

ತೋಟದವ, ಪೊನ್ನಂಪೇಟೆ:
ಮೇಷ್ಟ್ರೇ, ನಿಮಗೆ ಶುಗರ್ರೇ ಇಲ್ಲ ಅಂದ ಮೇಲೆ ಕಾಚಂಪುಳಿ ಯಾವುದನ್ನು ಇಳಿಸಿತು? ನನ್ನ ಅಪ್ಪ ಜೀವಮಾನ ಪೂರ್ತಿ ಪಂದಿ ಕರಿಗೆ ಕಾಚಂಪುಳಿ ಹಾಕಿ ತಿಂದವರು, ಶುಗರ್‌ನಲ್ಲಿ ಕಾಲಿನ ಎರಡು ಬೆರಳು ಹೋಯಿತು. ಹೈದರಾಬಾದು ಅಂತ ಇಲ್ಲಿ ಯಾರೂ ಅಂದಿಲ್ಲ ಕೂಡ.

ಪಥ್ಯದ ಕೆಲಸದವಳು, ಕುಶಾಲನಗರ:
ಅಂದಿಲ್ಲ, ಈಗ ಅನ್ನುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲೇ ಮೆಂತ್ಯದ ಮೇಲೆ ಒಳ್ಳೆ ಕೆಲಸ ಆಗಿದೆ. 1990ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಜಿಡ್ಡು ತೆಗೆದ ಮೆಂತ್ಯದ ಪುಡಿ ದಿನಕ್ಕೆ 100 ಗ್ರಾಂ, ಎರಡು ಊಟಕ್ಕೆ ಹಂಚಿ ಕೊಟ್ಟಿದ್ದರು. ಶುಗರ್ ಚೆನ್ನಾಗಿ ಇಳಿಯಿತು. ಮೆಂತ್ಯ ಶುಗರ್ ಇಳಿಸುತ್ತೆ ಅನ್ನುವಾಗ ಈ 100 ಗ್ರಾಂ ಮಾತ್ರ ಯಾರೂ ಹೇಳಲ್ಲ. ಒಂದು ಟೀ ಚಮಚ ಮೆಂತ್ಯ ತೂಗಿ ನೋಡಿ, 4 ಗ್ರಾಂ ಆಸುಪಾಸು.

ಕಡಿಮೆ ಪ್ರಮಾಣದಲ್ಲೂ ಇದೆ. 2015ರ ಒಂದು ಪರೀಕ್ಷೆಯಲ್ಲಿ ಶುಗರ್ ಗಡಿಯಲ್ಲಿದ್ದವರಿಗೆ ದಿನಕ್ಕೆ 10 ಗ್ರಾಂ ಪುಡಿ, ಊಟಕ್ಕೆ ಮುಂಚೆ ಎರಡು ಸಲ, ಮೂರು ವರ್ಷ ಕೊಟ್ಟರು. ತಿನ್ನದವರಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕು ಪಟ್ಟು ಜಾಸ್ತಿ ಇತ್ತು. ಇರಾನಿನಲ್ಲಿ ಅದೇ 10 ಗ್ರಾಂ ಪುಡಿಯನ್ನು ಕೆಲವರಿಗೆ ಬಿಸಿ ನೀರಲ್ಲಿ ನೆನೆಸಿ, ಕೆಲವರಿಗೆ ಮೊಸರಲ್ಲಿ ಕಲಸಿ ಕೊಟ್ಟರು. 8 ವಾರದಲ್ಲಿ ನೆನೆಸಿ ಕುಡಿದವರದ್ದು ಇಳಿಯಿತು, ಮೊಸರಿನವರದ್ದು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಒಟ್ಟು 24 ಜನರ ಪರೀಕ್ಷೆ, ಹಾಗಾಗಿ ಅದರ ಮೇಲೆ ಮನೆ ಕಟ್ಟಬೇಡಿ.

ಈಗ ಸೋಸೋ ವಿಷಯ. ಕೆಲಸ ಮಾಡುವುದರಲ್ಲಿ ದೊಡ್ಡ ಪಾಲು ಆ ಲೋಳೆಯದು. ಅದು ಹೊಟ್ಟೆಯಲ್ಲಿ ಅಂಟಂಟಾಗಿ ಅನ್ನದ ಸಕ್ಕರೆ ರಕ್ತಕ್ಕೆ ಹೋಗೋದನ್ನು ನಿಧಾನ ಮಾಡುತ್ತೆ. ಇಡೀ ಕಾಳು ನೆನೆಸಿ ಸೋಸಿದರೆ ಲೋಳೆ ಬಹುಪಾಲು ಕಾಳಿನಲ್ಲೇ ಉಳಿಯುತ್ತೆ. ಸಿಗೋದು ಹಳದಿ ಬಣ್ಣದ ಕಹಿ ನೀರು. ನಮ್ಮ ಮನೆಯಲ್ಲೂ ಅತ್ತೆ ಹಾಗೇ ಮಾಡುತ್ತಿದ್ದರು, ನೀರು ಸೊಸೆಗೆ, ಉಬ್ಬಿದ ಕಾಳು ಕರಿಬೇವಿನ ಬುಡಕ್ಕೆ. ಕರಿಬೇವು ಭಾರಿ ಚೆನ್ನಾಗಿ ಬಂದಿತ್ತು.

ತೋಟದವ, ಪೊನ್ನಂಪೇಟೆ:
ಅದಕ್ಕೇ ನಾನು ಪುಡಿ ಮಾಡಿದ್ದು. ಈಗಲೂ ಬಿಟ್ಟಿಲ್ಲ, ಆದರೆ ಒಂದೇ ಟೀ ಚಮಚ, ರೊಟ್ಟಿ ಎದುರಿಗಿದ್ದರೆ ಮಾತ್ರ. ಮೂರು ತಿಂಗಳ ಸರಾಸರಿ ಟೆಸ್ಟ್ 8.1 ಇದ್ದದ್ದು 7.6.

ಪಥ್ಯದ ಕೆಲಸದವಳು, ಕುಶಾಲನಗರ:
ಮಾತ್ರೆ ಇಳಿಸಿಯೂ 7.6 ಅಂದರೆ ಒಳ್ಳೆಯದೇ. ಆದರೆ ನಡುವೆ ಬೇರೆ ಏನೂ ಬದಲಾಯಿಸಲಿಲ್ಲವಾ?

ತೋಟದವ, ಪೊನ್ನಂಪೇಟೆ:
ರಾತ್ರಿಯ ಎರಡು ಪೆಗ್ ಬಿಟ್ಟೆ. ಹೆಂಡತಿ ಬಿಡಿಸಿದಳು ಅನ್ನಿ.

ಪಥ್ಯದ ಕೆಲಸದವಳು, ಕುಶಾಲನಗರ:
ಅದನ್ನು ಈಗ ಹೇಳುತ್ತೀರಲ್ಲ ಅಣ್ಣ! ಮೆಂತ್ಯಕ್ಕೆ ಎಷ್ಟು, ಪೆಗ್ಗಿಗೆ ಎಷ್ಟು ಅಂತ ಈಗ ಹಂಚುವುದು ಹೇಗೆ?

ನಿವೃತ್ತ ಮೇಷ್ಟ್ರು, ಮಡಿಕೇರಿ:
ಅಸಲಿ ಕಾಚಂಪುಳಿ ಕುಡಿದಿದ್ದರೆ ಎರಡೂ ಬೇಕಿರಲಿಲ್ಲ. ಈಗ ಅಂಗಡಿಯಲ್ಲಿ ಬರುವುದು ಬಣ್ಣ ಹಾಕಿದ ಹುಳಿ ನೀರು.

ಹೊಸ ಬಾಣಂತಿ, ವಿರಾಜಪೇಟೆ:
ಎಲ್ಲ ಓದಿದೆ. ಅತ್ತೆಯ ಮಾತ್ರೆ ಚೀಟಿ ನೋಡಿದರೆ ಅದೇ ಗ್ಲಿಮೆಪಿರೈಡ್. ಅವರು ಶನಿವಾರ ಮಧ್ಯಾಹ್ನದವರೆಗೆ ಉಪವಾಸ ಬೇರೆ. ಮಗುವಿನ ತೂಕ ಹೋದ ವಾರ 4 ಕೆಜಿ 350, ಹುಟ್ಟಿದಾಗ 2 ಕೆಜಿ 900. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಾನೆ. ಹಾಗಾದರೆ ಹಾಲು ಸಾಕಾ?

ಪಥ್ಯದ ಕೆಲಸದವಳು, ಕುಶಾಲನಗರ:
7 ವಾರಕ್ಕೆ ಒಂದೂವರೆ ಕೆಜಿ ಹತ್ತಿರ ಏರಿದೆ, ಬಟ್ಟೆಯೂ ಒದ್ದೆಯಾಗುತ್ತಿದೆ. ಹಾಲು ಸಾಕಾಗುತ್ತಿದೆ ತಂಗಿ. ಅದಕ್ಕಾಗಿ ಮೆಂತ್ಯ ಬೇಕಿಲ್ಲ, ಗಂಜಿ ರುಚಿ ಅನ್ನಿಸಿದರೆ ತಿನ್ನು. ಮಗುವಿಗೆ ಭೇದಿ, ಹೊಟ್ಟೆ ಉಬ್ಬರ ಆದರೆ ನಿಲ್ಲಿಸಿ ನೋಡು. ಕಡಲೆಕಾಯಿ, ಕಡಲೆ ಅಲರ್ಜಿ ಇದ್ದವರಾದರೆ ಮೆಂತ್ಯವೂ ಆಗದೇ ಇರಬಹುದು. ಬಸುರಿಯಲ್ಲಿ ಶುಗರ್ ಬಂದವರು ಹೆರಿಗೆಯಾಗಿ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡುವ ಟೆಸ್ಟ್ ಮಾಡಿಸಬೇಕು. ನಿನಗೆ ಅದನ್ನು ಯಾರಾದರೂ ಹೇಳಿದ್ದಾರಾ? ಅತ್ತೆಯವರ ಶನಿವಾರದ ಮಾತ್ರೆ ಬಗ್ಗೆ ಅವರ ಡಾಕ್ಟರನ್ನು ಈ ವಾರವೇ ಕೇಳಿ, ಮೆಂತ್ಯ ಇರಲಿ ಬಿಡಲಿ.

ಹೊಸ ಬಾಣಂತಿ, ವಿರಾಜಪೇಟೆ:
ಯಾರೂ ಹೇಳಿಲ್ಲ ಅಕ್ಕ. ಸೋಮವಾರ ಹೋಗುತ್ತೇವೆ, ಇಬ್ಬರೂ.

ಎರಡು ಮಕ್ಕಳ ತಾಯಿ, ನಾಪೋಕ್ಲು:
ಗಂಜಿ ಬಿಡಬೇಡ ಕಣಮ್ಮಾ. ತೆಂಗಿನ ಹಾಲು ಎರಡನೆಯದ್ದು ಹಾಕು, ಮೊದಲನೆಯದ್ದು ಹಾಕಿದರೆ ತುಂಬಾ ಜಿಡ್ಡು.

ನಿವೃತ್ತ ಮೇಷ್ಟ್ರು, ಮಡಿಕೇರಿ:
ಅಸಲಿ ಕಾಚಂಪುಳಿ ಬೇಕಾದವರು ಮಾತ್ರ ಹೇಳಿ, ನನ್ನ ತಂಗಿ ಮನೆಯಲ್ಲಿ ಕಾಸುತ್ತಾರೆ. ಹೋದ ವರ್ಷದ್ದು ಮೂರು ಬಾಟಲ್ ಉಳಿದಿದೆ.

ತೋಟದವ, ಪೊನ್ನಂಪೇಟೆ:
ಬಾಟಲಿಗೆ ಎಷ್ಟು ಮೇಷ್ಟ್ರೇ? ಪಂದಿ ಕರಿಗೆ ಬೇಕು, ಶುಗರ್‌ಗಲ್ಲ.