ಪದಚರ್ಚೆ: ಓಡುವ ಮುಖದ ಮೇಲೆ ಹಾಕುವುದು ಮಸುಕೋ, ಮುಸುಕೋ?

ಸು. ರಾ., ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಬೀದಿಯಲ್ಲಿ ವಿಡಿಯೊ ತೆಗೆಯುವ ಹೊಸಬರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದಾರಿಹೋಕರ ಮುಖವೂ ಗಾಡಿಗಳ ನಂಬರೂ ಕಾಣದಂತೆ ಬ್ಲರ್ ಹಾಕಿ, ಅವರು ನಡೆದಂತೆ ಅದೂ ನಡೆಯುವ ಹಾಗೆ ಮಾಡುವ ಅಧ್ಯಾಯದಲ್ಲಿ ಎರಡು ಪದಗಳಿಗಾಗಿ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಬ್ಲರ್. ನಾನು ‘ಮಸುಕು’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿ ಎಲ್ಲ ಕಡೆ ‘ಮುಸುಕು’ ಎಂದು ತಿದ್ದಿದ್ದಾಳೆ. ಬೆರಳಚ್ಚಿನ ತಪ್ಪು ಅಂದುಕೊಂಡಳೋ, ಬೇಕೆಂದೇ ತಿದ್ದಿದಳೋ ಗೊತ್ತಿಲ್ಲ. ಎರಡನೆಯದು ಟ್ರ್ಯಾಕಿಂಗ್. ‘ಹಿಂಬಾಲಿಸು’ ಅಂದರೆ ಹಿಂದೆ ಹಿಂದೆ ಬಾ ಅಂತ. ಬ್ಲರ್ ಹಿಂದೆ ಉಳಿದರೆ ಮುಖ ಕಂಡೇಬಿಡುತ್ತದಲ್ಲ! ಈ ವಾಕ್ಯವನ್ನು ತುಂಬಿಕೊಡಿ: ‘ತಳ್ಳುಗಾಡಿ ಅಡ್ಡ ಬಂದಾಗ ____ ತಪ್ಪುತ್ತದೆ.’

ಕೆ. ವಿ., ಮೈಸೂರು:

ಸುಲಭದ ಪ್ರಶ್ನೆ. ಮಸುಕು ಎಂದರೆ ಸ್ಪಷ್ಟತೆ ಇಲ್ಲದ್ದು. ಕಣ್ಣಿಗೆ ಪೊರೆ ಬಂದವರು ‘ಎಲ್ಲ ಮಸುಕು ಮಸುಕು’ ಅನ್ನುತ್ತಾರೆ. ಮುಸುಕು ಎಂದರೆ ಮೇಲೆ ಹೊದ್ದದ್ದು. ಮುಸುಕೆಳೆದು ಮಲಗುತ್ತೇವೆ, ಮುಸುಕಿನ ಜೋಳ ಸುಲಿಯುತ್ತೇವೆ. ಬ್ಲರ್ ಮಾಡಿದ ಮುಖ ಅಸ್ಪಷ್ಟವಾಗುತ್ತದೆಯೇ ಹೊರತು ಅದರ ಮೇಲೆ ಯಾರೂ ಬಟ್ಟೆ ಹೊದಿಸಿರುವುದಿಲ್ಲ. ನೀವು ಬರೆದದ್ದೇ ಸರಿ, ಗೆಳತಿಯದು ತಪ್ಪು. ಟೀವಿಯಲ್ಲಿ ಕಾಣುವ ಚೌಕ ಚೌಕದ ಬಗೆಗೆ ‘ಚೌಕಳಿ’ ಅನ್ನಬಹುದು; ಸೀರೆ ಅಂಗಡಿಯಲ್ಲಿ ಬದುಕಿರುವ ಪದ.

ಬ. ಮ., ಹುಬ್ಬಳ್ಳಿ:

ಮೇಷ್ಟ್ರೇ, ನಿಘಂಟಿನ ಲೆಕ್ಕದಾಗ ನಿಮ್ಮದು ಸರಿ. ಎಡಿಟಿಂಗ್ ಮೇಜಿನ ಲೆಕ್ಕದಾಗ ಆ ಗೆಳತಿ ಶ್ಯಾಣ್ಯಾ ಇದ್ದಾರ. ನಾನು ಸುದ್ದಿ ವಾಹಿನಿಗಳಿಗೆ ವಿಡಿಯೊ ಕತ್ತರಿಸುವವನು. ನಮ್ಮಲ್ಲಿ ಎರಡೂ ಅನ್ನುವುದಿಲ್ಲ, ‘ಬ್ಲರ್ ಹೊಡಿ’ ಅಂತೇವಿ. ಆದರೆ ಮಸುಕಿಗೂ ಮುಸುಕಿಗೂ ಇರುವ ಅಂತರವೇ ಈ ಕೆಲಸದ ತಿರುಳು.

ನಂಬರ್ ಪ್ಲೇಟ್ ತಗೊಳ್ಳಿ. ಚೌಕಳಿ ಹಾಕಿದಾಗ ಪ್ರತಿ ಚೌಕವೂ ತನ್ನ ಕೆಳಗಿನ ಬಣ್ಣಗಳ ಸರಾಸರಿ ಆಗುತ್ತದೆ. ಅಂಕಿ ಅಳಿಸಿಹೋಗುವುದಿಲ್ಲ, ಸರಾಸರಿಯಾಗಿ ಅಲ್ಲೇ ಕೂತಿರುತ್ತದೆ. ಕಂಡುಹಿಡಿಯಬೇಕೆನ್ನುವವನು ಅದನ್ನು ಬಿಡಿಸಬೇಕಾಗಿಯೂ ಇಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಅಂಕಿ ಬರೆದು, ಅದಕ್ಕೂ ಅದೇ ಅಳತೆಯ ಚೌಕಳಿ ಹಾಕಿ, ಯಾವುದು ಹೊಂದುತ್ತದೆ ಅಂತ ನೋಡಿದರಾಯಿತು. ಇರುವುದೇ ಹತ್ತು ಅಂಕಿ, ಮೊದಲ ಎರಡು ಅಕ್ಷರ KA ಅಂತ ಎಲ್ಲರಿಗೂ ಗೊತ್ತು. ವಿಡಿಯೊದಲ್ಲಿ ಇದು ಇನ್ನೂ ಸಲೀಸು. ಪ್ಲೇಟ್ ಚಲಿಸಿದಂತೆ ಚೌಕಗಳ ಕೆಳಗೆ ಬೀಳುವ ಭಾಗ ಪ್ರತಿ ಫ್ರೇಮಿಗೂ ಒಂದಿಷ್ಟು ಬದಲಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ 25 ಬೇರೆ ಬೇರೆ ಸುಳಿವು ಕೊಟ್ಟ ಹಾಗೆ. ಹಾಗಾಗಿ ಪ್ಲೇಟಿಗೆ ನಾನು ಒಂದೇ ಬಣ್ಣದ ಪಟ್ಟಿ ಹಾಕುತ್ತೇನೆ: ಆಟೊಗೆ ಹಳದಿ, ಸ್ವಂತ ಕಾರಿಗೆ ಬಿಳಿ. ಕಣ್ಣಿಗೆ ಹೊಡೆಯುವುದಿಲ್ಲ, ಕೆಳಗೆ ಏನೂ ಉಳಿಯುವುದಿಲ್ಲ. ಅದು ಮುಸುಕು.

ಡಿ. ಎಸ್., ಉಡುಪಿ:

ಅಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ಚೌಕ ದೊಡ್ಡದು ಮಾಡಿದರೆ ಆಯ್ತಲ್ಲ. ಮುಖಗಳನ್ನು ತಾನೇ ಹುಡುಕಿ ಮಸುಕು ಮಾಡುವ ತಂತ್ರಾಂಶಗಳೂ ಉಂಟು. ನಾನು ಬೆಂಗಳೂರಿಗೆ ಹೋದಾಗ ತೆಗೆದ ವಿಡಿಯೊಗೆ ಅಂಥದ್ದೊಂದನ್ನು ಬಳಸಿದೆ. ಆಟೊದ ಹಿಂದೆ ಅಂಟಿಸಿದ್ದ ಶಂಕರ್‌ನಾಗ್ ಮುಖವನ್ನು ಚಂದ ಮುಚ್ಚಿತು. ಪಕ್ಕಕ್ಕೆ ತಿರುಗಿ ಮಾತಾಡುತ್ತಿದ್ದ ಡ್ರೈವರನ್ನು ಬಿಟ್ಟಿತು!

ಅದಿರಲಿ, ನಮ್ಮ ಅಂಗಡಿ ಎದುರಿನ ಸಿಸಿ ಕ್ಯಾಮೆರಾದಲ್ಲಿ ಪಕ್ಕದವರ ಗೇಟ್ ಬೀಳುತ್ತದೆ ಅಂತ ತಕರಾರು. ಅದಕ್ಕೂ ಈ ಮುಸುಕು ಹಾಕಬಹುದಾ?

ಬ. ಮ., ಹುಬ್ಬಳ್ಳಿ:

ಗೇಟ್ ಓಡಾಡುವುದಿಲ್ಲ, ಕ್ಯಾಮೆರಾವೂ ಅಲುಗಾಡುವುದಿಲ್ಲ. ನಿಮಗೆ ಟ್ರ್ಯಾಕಿಂಗ್ ಬೇಡ. ಬಹಳಷ್ಟು ಸಿಸಿ ಕ್ಯಾಮೆರಾಗಳ ಸೆಟ್ಟಿಂಗ್ಸ್‌ನಲ್ಲೇ ಒಂದು ಭಾಗವನ್ನು ಕಾಯಂ ಮುಚ್ಚುವ ಸೌಲಭ್ಯ ಇರುತ್ತದೆ, ನೋಡಿ. ದೊಡ್ಡ ಚೌಕದ ಮಾತು ಅರ್ಧ ಸರಿ. ಒಂದು ಅಂಕಿಗೆ ನಾಲ್ಕಾರು ಚೌಕ ಬಿದ್ದರೆ ಅಪಾಯ, ಇಡೀ ಪ್ಲೇಟಿಗೆ ಒಂದೆರಡೇ ಚೌಕ ಬಿದ್ದರೆ ಪರವಾಗಿಲ್ಲ. ಆದರೆ ಆಟೊ ಹತ್ತಿರ ಬಂದಂತೆ ಪ್ಲೇಟ್ ದೊಡ್ಡದಾಗುತ್ತದೆ, ಚೌಕ ಅಷ್ಟೇ ಇರುತ್ತದೆ. ಶುರುವಿನಲ್ಲಿ ಸಾಕಾಗಿದ್ದು ಕೊನೆಯಲ್ಲಿ ಸಾಲುವುದಿಲ್ಲ.

ಸು. ರಾ. ಅವರ ಖಾಲಿ ಜಾಗಕ್ಕೆ ಬರುತ್ತೇನೆ. ದುರ್ಗದಬೈಲಿನ ಒಂದು ಶಾಟ್: ಹತ್ತು ಸೆಕೆಂಡು, ಅಂದರೆ 250 ಫ್ರೇಮ್. ದೂರದಿಂದ ಆಟೊ ಎದುರಿಗೇ ಬರುತ್ತದೆ, ನಡುವೆ ತಳ್ಳುಗಾಡಿಯೊಂದು ಅಡ್ಡ ಹಾಯುತ್ತದೆ. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಕಲರ್ ಪುಟದಲ್ಲಿ ಪ್ಲೇಟಿನ ಸುತ್ತ ವಿಂಡೋ ಎಳೆದು ಟ್ರ್ಯಾಕ್ ಕೊಟ್ಟೆ. ತಂತ್ರಾಂಶಕ್ಕೆ ಅದು ಪ್ಲೇಟ್ ಅಂತ ಗೊತ್ತಿರುವುದಿಲ್ಲ. ವಿಂಡೋ ಒಳಗಿನ ಗೆರೆ, ಮೂಲೆ, ಚುಕ್ಕೆಗಳನ್ನು ಹಿಡಿದುಕೊಂಡು, ಮುಂದಿನ ಫ್ರೇಮಿನಲ್ಲಿ ಅವು ಎಲ್ಲಿಗೆ ಹೋದವು ಅಂತ ಹುಡುಕುತ್ತದೆ, ಅಷ್ಟೇ. ತಳ್ಳುಗಾಡಿ ಅಡ್ಡ ಬಂತು, ಅದರ ಅಂಚನ್ನು ಹಿಡಿಯಿತು, ಬಾಳೆಹಣ್ಣಿನ ಜೊತೆ ಬಲಕ್ಕೆ ಹೊರಟೇಹೋಯಿತು. ಟ್ರ್ಯಾಕರ್ ಗ್ರಾಫಿನಲ್ಲಿ ಅಲ್ಲಿಯವರೆಗೆ ನಯವಾಗಿದ್ದ ಗೆರೆ ಅಲ್ಲಿ ಸರ್ರನೆ ತಿರುಗಿರುತ್ತದೆ.

ಇಂಥ ಶಾಟಿಗೆ ನಾನು ಕೊನೆಯಿಂದ ಶುರು ಮಾಡುತ್ತೇನೆ. ಕೊನೆಯ ಫ್ರೇಮಿನಲ್ಲಿ ಪ್ಲೇಟ್ ದೊಡ್ಡದು, ಹಿಡಿಯಲು ವಿವರ ಜಾಸ್ತಿ. ಅಲ್ಲಿಂದ ಹಿಮ್ಮುಖವಾಗಿ ತಳ್ಳುಗಾಡಿಯವರೆಗೆ ಟ್ರ್ಯಾಕ್ ಮಾಡಿ ನಿಲ್ಲಿಸುತ್ತೇನೆ. ಗಾಡಿಯ ಆಚೆಗಿನದಕ್ಕೆ ಬೇರೆ ವಿಂಡೋ, ಬೇರೆ ಟ್ರ್ಯಾಕ್. ಗಾಡಿ ಅಡ್ಡ ಇರುವಷ್ಟು ಹೊತ್ತು Frame ಮೋಡಿನಲ್ಲಿ, ಅಂದರೆ ಒಂದೊಂದು ಫ್ರೇಮಿಗೂ ಬೇರೆ ಬೇರೆಯಾಗಿ, ವಿಂಡೋವನ್ನು ಕೈಯಿಂದ ಕೂರಿಸುತ್ತೇನೆ. ಪ್ಲೇಟ್ ಅರ್ಧ ಮುಚ್ಚಿ ಅರ್ಧ ಕಾಣುವ ಫ್ರೇಮುಗಳೇ ನಮ್ಮನ್ನು ಹಿಡಿದುಕೊಡುವುದು, ಯಾಕೆಂದರೆ ಅಲ್ಲಿ ಎರಡೂ ಟ್ರ್ಯಾಕ್ ಕೈಕೊಟ್ಟಿರುತ್ತವೆ.

ಹಾಗಾಗಿ ‘ಹಿಡಿತ ತಪ್ಪುತ್ತದೆ’ ಅನ್ನಿ. ನಮ್ಮ ಹುಡುಗರು ‘ಟ್ರ್ಯಾಕ್ ಜಾರ್ತು’ ಅಂತಾರ, ಅದೂ ಚಲೋನ ಐತಿ.

ಕೆ. ವಿ., ಮೈಸೂರು:

‘ಹಿಡಿತ’ ಒಪ್ಪಿದೆ. ಆದರೆ ಹಿಡಿತ ತಪ್ಪದೇ ಇದ್ದಾಗಿನ ಕ್ರಿಯಾಪದ ಏನು? ‘ವಿಂಡೋ ಮುಖವನ್ನು ಹಿಡಿಯುತ್ತದೆ’ ಎಂದರೆ ಪೊಲೀಸ್ ವರದಿಯಂತಾಯಿತು. ‘ಬೆಂಬತ್ತು’ ಎಂಬುದಕ್ಕೂ ಹಿಂಬಾಲಿಸುವಿಕೆಯ ದೋಷವೇ. ‘ಜೊತೆಗೂಡು’ ಎನ್ನೋಣವೇ? ಇನ್ನು ಮುಸುಕಿನ ವಿಚಾರ: ‘ದಾರಿಹೋಕರು ಮುಸುಕು ಹಾಕಿದ್ದರು’ ಎಂದು ಓದಿದವರು, ಅವರೇ ಹಾಕಿಕೊಂಡಿದ್ದರು ಎಂದು ತಿಳಿಯುವ ಅಪಾಯವಿದೆ. ನನ್ನ ಆಕ್ಷೇಪ ಅಷ್ಟಕ್ಕೆ ಉಳಿದಿದೆ.

ಸು. ರಾ., ಬೆಂಗಳೂರು:

ಗೆಳತಿಗೆ ಫೋನ್ ಮಾಡಿದೆ, ಬೇಕೆಂದೇ ತಿದ್ದಿದ್ದಳಂತೆ. ನಂಬರ್ ಪ್ಲೇಟಿಗೆ ಮುಸುಕು ಎಂದು ಇಟ್ಟುಕೊಳ್ಳುತ್ತೇನೆ. ‘ಮುಸುಕು ಹಾಕಿದ್ದರು’ ಎಂಬ ಕಡೆ ‘ಮುಸುಕಿಟ್ಟೆವು’ ಎಂದು ಬರೆದರೆ ಮೇಷ್ಟರ ಅಪಾಯ ತಪ್ಪಬಹುದೇನೋ. ಮುಖಕ್ಕೆ ಏನು? ಎಲ್ಲ ಮುಖಗಳ ಮೇಲೂ ಕಪ್ಪು ಪಟ್ಟಿ ಬಡಿದರೆ ಸಂತೆಯಲ್ಲಿದ್ದವರೆಲ್ಲ ಆರೋಪಿಗಳಂತೆ ಕಾಣುತ್ತಾರೆ. ‘ಜೊತೆಗೂಡು’ ಯಾಕೋ ಮದುವೆಯ ಕರೆಯೋಲೆ ಅನ್ನಿಸಿತು, ಕ್ಷಮಿಸಿ.

ಬ. ಮ., ಹುಬ್ಬಳ್ಳಿ:

ಮುಖಕ್ಕೆ ಮಸುಕೇ ಇರಲಿ, ಆದರೆ ಕಣ್ಣು, ಮೂಗು, ಬಾಯಿ ಎಲ್ಲಿವೆ ಅಂತಲೂ ತಿಳಿಯದಷ್ಟು ದಟ್ಟವಾಗಿ. ವಿಂಡೋ ಅಂಚನ್ನು ತೀರಾ ಮೆದುಗೊಳಿಸಬೇಡಿ, ಗದ್ದ ಕಿವಿ ಹೊರಗೆ ಇಣುಕುತ್ತವೆ. ಪರಿಚಯದವರು ಅಂಗಿ, ನಡಿಗೆ, ಕೈಚೀಲ ನೋಡಿಯೇ ಗುರುತು ಹಿಡಿಯುತ್ತಾರೆ. ಅದಕ್ಕೆ ಯಾವ ಬ್ಲರ್‌ನಲ್ಲೂ ಪರಿಹಾರ ಇಲ್ಲ, ಆ ಶಾಟ್ ಬಿಡುವುದೊಂದೇ ದಾರಿ. ಲಾರಿ, ಟೆಂಪೊಗಳಿಗೆ ಪಕ್ಕದಲ್ಲೂ ನಂಬರ್ ಬರೆದಿರುತ್ತಾರೆ, ಅದನ್ನು ಕೈಪಿಡಿಯಲ್ಲಿ ಮರೆಯಬೇಡಿ.

ಪರೀಕ್ಷೆಯನ್ನು ಎಕ್ಸ್‌ಪೋರ್ಟ್ ಆದ ಫೈಲಿನ ಮೇಲೆ ಮಾಡಿ. ಜನ ಫ್ರೇಮಿನೊಳಗೆ ಬರುವ ಮೊದಲ ಫ್ರೇಮು, ಹೊರಹೋಗುವ ಕೊನೆಯ ಫ್ರೇಮು, ಅಡ್ಡ ಬಂದವರು ಸರಿದ ಮರುಫ್ರೇಮು, ಈ ಮೂರು ಕಡೆ ಒಂದೊಂದೇ ಫ್ರೇಮ್ ನೋಡಿ. ಯೂಟ್ಯೂಬಿನಲ್ಲಿ ವಿಡಿಯೊ ನಿಲ್ಲಿಸಿ `,` ಮತ್ತು `.` ಒತ್ತಿದರೆ ನೋಡುಗರೂ ಹಾಗೇ ನೋಡಬಲ್ಲರು. ಒಂದು ಫ್ರೇಮ್ ಬಿಟ್ಟುಹೋದರೂ ಸಾಕು, ಉಳಿದ 249 ಮುಚ್ಚಿದ್ದು ದಂಡ.

ಕ್ರಿಯಾಪದಕ್ಕೆ ನನ್ನ ವೋಟು ‘ಟ್ರ್ಯಾಕ್ ಮಾಡು’. ಮೇಷ್ಟ್ರು ಬಯ್ಯಲಿ.