ಶಿರಾ ಬ್ರಾಂಚ್‌ನಲ್ಲಿ ಏನೂ ಬದಲಾಗಿಲ್ಲ, ಆದರೂ ಲಾಭ ಹೋಗಿ ನಷ್ಟ ಬಂದಿದೆ. ಎಲ್ಲಿ ತಪ್ಪಿದೆ?

ಶಿರಾಗೇಟ್ ಲೆಕ್ಕ:
ನಮ್ಮದು ದಿನಸಿ ಸೂಪರ್ ಮಾರ್ಕೆಟ್. ತುಮಕೂರು, ತಿಪಟೂರು, ಶಿರಾದಲ್ಲಿ ಒಂದೊಂದು ಬ್ರಾಂಚ್ ಇದೆ. ಲೆಕ್ಕ ನೋಡುವುದು ನಾನು. ಹೋದ ತಿಂಗಳು ಶಿರಾ 5 ಸಾವಿರ ಲಾಭ ತೋರಿಸಿತ್ತು. ಈ ತಿಂಗಳು 10 ಸಾವಿರ ನಷ್ಟ. ಅಲ್ಲಿನ ವ್ಯಾಪಾರ ಎರಡೂ ತಿಂಗಳು 15 ಲಕ್ಷವೇ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಹಾಗೇ ಇದೆ. ವೋಚರ್‌ಗಳನ್ನೆಲ್ಲ ತಾಳೆ ನೋಡಿದೆ, ಏನೂ ಸಿಗಲಿಲ್ಲ. ಹೆಡ್ ಆಫೀಸ್ ಖರ್ಚು ತಿಂಗಳಿಗೆ 4.80 ಲಕ್ಷ, ಅದನ್ನು ವ್ಯಾಪಾರದ ಪ್ರಮಾಣದಲ್ಲಿ ಹಂಚುತ್ತೇವೆ. ಓನರ್ ಶಿರಾ ಮುಚ್ಚಿಬಿಡೋಣ ಅಂತಿದ್ದಾರೆ.

ಕೆಂಪುಶಾಯಿ:
ಹಂಚುವ ರೀತಿಯಲ್ಲೇ ಎಡವಟ್ಟು. ವ್ಯಾಪಾರದ ಮೇಲೆ ಬೇಡ, ಅಂಗಡಿಯ ಚದರಡಿ ಮೇಲೆ ಹಂಚಿ. ಆಗ ಸರಿಹೋಗುತ್ತದೆ.

ಚಿಂತಾಮಣಿ ಬಟ್ಟೆ ಅಂಗಡಿ:
ನಾವು ಬಾಗೇಪಲ್ಲಿ ಅಂಗಡಿಯನ್ನು ಹೀಗೇ ನಷ್ಟ ಅಂತ ಮುಚ್ಚಿದೆವು. ಅಲ್ಲಿಯ ಬಾಡಿಗೆ ಉಳಿಯಿತು, ಸರಿ. ಆದರೆ ಇಲ್ಲಿ ಅಕೌಂಟೆಂಟ್ ಸಂಬಳ, ಗೋಡೌನ್ ಬಾಡಿಗೆ ಒಂದು ರೂಪಾಯಿ ಕಮ್ಮಿ ಆಗಲಿಲ್ಲ. ಅಂದಹಾಗೆ, ಬ್ರಾಂಚ್ ಮುಚ್ಚಿದರೆ ಜಿಎಸ್‌ಟಿಯಲ್ಲಿ ಆ ವಿಳಾಸ ತೆಗೆಸಬೇಕು, ಮರೀಬೇಡಿ.

ರೋಕಡ:
ಜಿಎಸ್‌ಟಿ ಆಮೇಲೆ ನೋಡೋಣ ಅಣ್ಣ, ಅವರಿನ್ನೂ ಮುಚ್ಚಿಲ್ಲ. ಶಿರಾಗೇಟ್ ಅವರೇ, ಉಳಿದ ಎರಡು ಬ್ರಾಂಚ್‌ಗಳ ವ್ಯಾಪಾರ ಎರಡೂ ತಿಂಗಳು ಎಷ್ಟಿತ್ತು?

ಶಿರಾಗೇಟ್ ಲೆಕ್ಕ:
ತಿಪಟೂರು ಎರಡೂ ತಿಂಗಳು 25 ಲಕ್ಷ. ತುಮಕೂರು 56 ಇದ್ದದ್ದು 40ಕ್ಕೆ ಇಳಿಯಿತು. ಅಂಗಡಿ ಮುಂದೆ ಚರಂಡಿ ಅಗೆದಿದ್ದಾರೆ, ಜನ ಗಾಡಿ ನಿಲ್ಲಿಸೋಕೆ ಆಗ್ತಿಲ್ಲ.

ರೋಕಡ:
ಹಾಗಾದರೆ ನಿಮ್ಮ ವೋಚರ್ ಸರಿಯಾಗೇ ಇದೆ. ಹೋದ ತಿಂಗಳು ಒಟ್ಟು ವ್ಯಾಪಾರ 96 ಲಕ್ಷ. 4.80 ಹಂಚಿದರೆ ನೂರಕ್ಕೆ 5 ರೂಪಾಯಿ, ಶಿರಾ ಪಾಲು 75 ಸಾವಿರ. ಈ ತಿಂಗಳು ಒಟ್ಟು 80 ಲಕ್ಷ, ನೂರಕ್ಕೆ 6 ಆಯಿತು, ಶಿರಾ ಪಾಲು 90 ಸಾವಿರ. ಆ 15 ಸಾವಿರವೇ ನಿಮ್ಮ ಲಾಭವನ್ನು ನಷ್ಟ ಮಾಡಿದ್ದು. ತುಮಕೂರಿನ ಚರಂಡಿಯ ಹೊರೆ ಶಿರಾ ಮೇಲೆ ಬಿದ್ದಿದೆ.

ಕೆಂಪುಶಾಯಿ ಹೇಳಿದಂತೆ ಚದರಡಿ ಮೇಲೆ ಹಂಚಿದರೆ ಪಾಲು ತಿಂಗಳು ತಿಂಗಳು ಕುಣಿಯುವುದು ನಿಲ್ಲುತ್ತದೆ, ಅಷ್ಟು ನಿಜ. ಆದರೆ ಹೆಡ್ ಆಫೀಸ್ ಖರ್ಚು ಶಿರಾದಿಂದ ಹುಟ್ಟಿದ್ದೇ ಅಲ್ಲ. ಯಾವ ಲೆಕ್ಕದಲ್ಲಿ ಹಂಚಿದರೂ ಅದರಿಂದ ಶಿರಾ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಹಂಚುವ ಮುಂಚೆ ಒಂದು ಗೆರೆ ಎಳೆಯಿರಿ. ಶಿರಾದ ಕಾಂಟ್ರಿಬ್ಯೂಷನ್ ಎಷ್ಟು, ಅಲ್ಲಿನದೇ ಫಿಕ್ಸೆಡ್ ಖರ್ಚು ಎಷ್ಟು?

ಶಿರಾಗೇಟ್ ಲೆಕ್ಕ:
ಮಾಲಿನ ಖರೀದಿ, ಪ್ಯಾಕಿಂಗ್, ಕಾರ್ಡ್ ಮಷೀನ್ ಕಮಿಷನ್ ಕಳೆದು 2.50 ಲಕ್ಷ ಉಳಿಯುತ್ತದೆ. ಅಲ್ಲಿನ ಬಾಡಿಗೆ, ಹುಡುಗರ ಸಂಬಳ, ಕರೆಂಟು, ಫ್ರೀಜರ್ ಮತ್ತು ರ‍್ಯಾಕ್‌ಗಳ ಡಿಪ್ರಿಸಿಯೇಷನ್ ಸೇರಿ 1.70.

ರೋಕಡ:
2.50ರಲ್ಲಿ 1.70 ಕಳೆದರೆ ಶಿರಾದ ಸೆಗ್ಮೆಂಟ್ ಮಾರ್ಜಿನ್ 80 ಸಾವಿರ. ಎರಡೂ ತಿಂಗಳು ಅಷ್ಟೇ. ಓನರ್ ನೋಡಬೇಕಾದ ಅಂಕಿ ಇದು.

ಶಿರಾಗೇಟ್ ಲೆಕ್ಕ:
ಅದೇ ರೀತಿ ಉಳಿದವನ್ನೂ ಮಾಡಿದೆ ಸರ್. ತುಮಕೂರು 3.40, ತಿಪಟೂರು 1.90, ಶಿರಾ 0.80. ಒಟ್ಟು 6.10, ಅದರಲ್ಲಿ 4.80 ಹೋದರೆ 1.30 ಲಕ್ಷ ಲಾಭ. ಕಂಪನಿ ಲಾಭಕ್ಕೆ ತಾಳೆಯಾಯಿತು.

ರೋಕಡ:
ಈಗ ಶಿರಾ ಮುಚ್ಚಿ ನೋಡಿ. 3.40 ಮತ್ತು 1.90 ಸೇರಿ 5.30. ಹೆಡ್ ಆಫೀಸ್ 4.80 ಹಾಗೇ ಇರುತ್ತದೆ. ಉಳಿಯುವುದು 50 ಸಾವಿರ. ಆ 4.80 ಲಕ್ಷವನ್ನು ಮತ್ತೆ ವ್ಯಾಪಾರದ ಮೇಲೆ ಹಂಚಿದರೆ ತಿಪಟೂರಿನ ಪಾಲು 1.85 ಲಕ್ಷದ ಹತ್ತಿರ ಹೋಗುತ್ತದೆ, ಅದರ ಲಾಭ ಬರೀ 5 ಸಾವಿರ ಅಂತ ಕಾಣುತ್ತದೆ. ಮುಂದಿನ ಸಲ ಅದನ್ನೂ ಮುಚ್ಚೋಣ ಅಂತಾರೆ ಅಷ್ಟೇ.

ಇನ್ನೊಂದು ಮಾತು. ಮುಚ್ಚುವ ಪ್ರಶ್ನೆಗೆ ಆ 1.70 ಪೂರ್ತಿ ಉಳಿತಾಯ ಅಂದುಕೊಳ್ಳಬೇಡಿ. ಫ್ರೀಜರ್ ದುಡ್ಡು ಆಗಲೇ ಖರ್ಚಾಗಿದೆ. ಡಿಪ್ರಿಸಿಯೇಷನ್ 20 ಸಾವಿರ ಇದ್ದರೆ ಅದು ಉಳಿಯುವ ದುಡ್ಡಲ್ಲ. ಬಾಡಿಗೆ ಕರಾರು ಇನ್ನೂ ಬಾಕಿ ಇದ್ದರೆ ಅವಧಿ ಮುಗಿಯುವವರೆಗೆ ಬಾಡಿಗೆಯೂ ನಿಲ್ಲದೇ ಹೋಗಬಹುದು. ಪ್ರತಿ ಖರ್ಚಿಗೂ ಕೇಳಿ: ಬಾಗಿಲು ಹಾಕಿದರೆ ಈ ದುಡ್ಡು ಹೋಗುವುದು ನಿಲ್ಲುತ್ತಾ?

ಟ್ಯಾಲಿಯಲ್ಲಿ ಹೆಡ್ ಆಫೀಸ್‌ಗೆ ಬೇರೆ ಕಾಸ್ಟ್ ಸೆಂಟರ್ ಮಾಡಿ. ತಿಂಗಳ ಕೊನೆಗೆ ಜರ್ನಲ್ ಹಾಕಿ ಬ್ರಾಂಚ್‌ಗೆ ತಳ್ಳುವುದನ್ನು ನಿಲ್ಲಿಸಿ. ಪಾಲು ಹಂಚಲೇಬೇಕು ಅಂದರೆ ಮಾರ್ಜಿನ್ ಗೆರೆಯ ಕೆಳಗೆ ಬರಲಿ.

ಕೆಂಪುಶಾಯಿ:
ಆದರೆ ಹೆಡ್ ಆಫೀಸ್ ಸಂಬಳ ಯಾರೋ ದುಡಿದು ಕೊಡಬೇಕಲ್ವಾ? ಪಾಲು ಕಾಣಿಸದಿದ್ದರೆ ಬ್ರಾಂಚ್ ಮ್ಯಾನೇಜರ್ 80 ಸಾವಿರ ಲಾಭ ಮಾಡಿದೆ ಅಂತ ಇನ್‌ಕ್ರಿಮೆಂಟ್ ಕೇಳ್ತಾನೆ.

ರೋಕಡ:
ಸರಿಯಾದ ಮಾತು. ಮೂರೂ ಸೇರಿ 4.80 ದಾಟಲೇಬೇಕು. ಅದಕ್ಕೆ ಪ್ರತಿ ಬ್ರಾಂಚ್‌ಗೂ ವರ್ಷದ ಶುರುವಿನಲ್ಲೇ ಮಾರ್ಜಿನ್ ಗುರಿ ಇಡಿ. ಪಕ್ಕದೂರಿನ ವ್ಯಾಪಾರ ಬಿದ್ದರೆ ಅದು ಬದಲಾಗಬಾರದು.

ಶಿರಾಗೇಟ್ ಲೆಕ್ಕ:
ಎರಡು ವಿಷಯಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ತುಮಕೂರು ಗೋಡೌನ್‌ನಿಂದ ಒಂದೇ ವ್ಯಾನ್ ತಿಪಟೂರಿಗೂ ಶಿರಾಕ್ಕೂ ಹೋಗುತ್ತದೆ. ಆಮೇಲೆ, ಮೂರೂ ಬ್ರಾಂಚ್ ಖರೀದಿ ಸೇರಿದಾಗ ಮಾತ್ರ ಡಿಸ್ಟ್ರಿಬ್ಯೂಟರ್ ಸ್ಕೀಮ್ ರಿಯಾಯಿತಿ ಸಿಗುತ್ತದೆ. ಅದನ್ನು ತುಮಕೂರಿಗೇ ಜಮಾ ಮಾಡುತ್ತಿದ್ದೇವೆ.

ರೋಕಡ:
ಶಿರಾ ಟ್ರಿಪ್ಪಿನ ಡೀಸೆಲ್ ಶಿರಾದ್ದು, ಟ್ರಿಪ್ ಬುಕ್ ನೋಡಿ ಹಾಕಿ. ಡ್ರೈವರ್ ಸಂಬಳ, ವ್ಯಾನ್ ಇಎಂಐ ಎರಡೂ ಬ್ರಾಂಚ್‌ಗೆ ಒಟ್ಟಾಗಿಯೇ ಇರಲಿ, ಒಡೆಯಬೇಡಿ. ರಿಯಾಯಿತಿ ಮಾತ್ರ ಕಷ್ಟ. ಶಿರಾ ಇಲ್ಲದಿದ್ದರೆ ಅದು ಪೂರ್ತಿ ಕೈತಪ್ಪುತ್ತದಾ, ಇಲ್ಲಾ ಕೆಳಗಿನ ಸ್ಲ್ಯಾಬ್ ಸಿಗುತ್ತದಾ? ಡಿಸ್ಟ್ರಿಬ್ಯೂಟರ್ ಹತ್ತಿರ ಕೇಳಿ ಹಾಕಿ, ಆಮೇಲೆ ಲೆಕ್ಕ ಮಾಡೋಣ.

ಚಿಂತಾಮಣಿ ಬಟ್ಟೆ ಅಂಗಡಿ:
ನಮಗೆ ಸ್ಲ್ಯಾಬ್ ಪೂರ್ತಿ ಕೈತಪ್ಪಿತು. ಓನರ್‌ಗೆ ಇದನ್ನು ಮೊದಲೇ ಹೇಳಿ.